ಚಕ್ಕುಲಿ ಸಿಕ್ಕಿಕೊಂಡ ಮೇಲೆ ಊಟ ಬಿಟ್ಟ ಮಗಳು

ಚಕ್ಕುಲಿ ಗಂಟಲಲ್ಲಿ ಸಿಕ್ಕಿಕೊಂಡ ದಿನದಿಂದ ಏಳು ವರ್ಷದ ಮಗಳು ಗಂಜಿ, ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟುತ್ತಿಲ್ಲ, ಮೂರು ತಿಂಗಳಲ್ಲಿ ಎರಡು ಕಿಲೋ ಇಳಿದಿದ್ದಾಳೆ ಎಂದು ಬರೆದಿದ್ದೀರಿ. ದಯವಿಟ್ಟು ಇದನ್ನು ಹಠ ಎನ್ನಬೇಡಿ. ಬದನೆಕಾಯಿ, ಸೊಪ್ಪು ಬೇಡವೆನ್ನುವ ಮಗು ಇಷ್ಟದ್ದನ್ನು ಹೊಟ್ಟೆ ತುಂಬ ತಿನ್ನುತ್ತದೆ, ಬೆಳೆಯುತ್ತಲೂ ಇರುತ್ತದೆ. ತೂಕ ಇಳಿದರೆ, ಪೋಷಕಾಂಶ ಕಡಿಮೆಯಾದರೆ ಅಥವಾ ಶಾಲೆಯ ಡಬ್ಬಿ ದಿನವೂ ತುಂಬಿಯೇ ವಾಪಸಾದರೆ ಆರ್ಫಿಡ್ ಎಂಬ ಆಹಾರ ಸೇವನೆಯ ತೊಂದರೆ ಇದೆಯೇ ಎಂದು ನೋಡಬೇಕು. ಕೆಲವರಲ್ಲಿ ವಾಸನೆ, ಮುಟ್ಟಿದ ಅನುಭವ ಸಹಿಸದೆ, ಕೆಲವರಲ್ಲಿ ಹಸಿವೇ ಇಲ್ಲದೆ ಇದು ಬರುತ್ತದೆ. ನಿಮ್ಮ ಮಗಳದ್ದು ಉಸಿರುಕಟ್ಟುವ ಭಯವಿರಬಹುದು.

ಮೊದಲು ಮಕ್ಕಳ ವೈದ್ಯರಲ್ಲಿಗೆ ಹೋಗಿ. ಹಳೆಯ ತೂಕ, ಎತ್ತರ ಬರೆದ ಕಾರ್ಡ್ ಒಯ್ಯಿರಿ. ಬೆಳವಣಿಗೆಯ ಗೆರೆ ಎಲ್ಲಿ ಬಾಗಿತೆಂದು ಅದರಲ್ಲೇ ಕಾಣುತ್ತದೆ. ಮೂರು ದಿನ ಅವಳು ತಿಂದದ್ದು, ಕುಡಿದದ್ದನ್ನೆಲ್ಲ ಬರೆದಿಡಿ. ಅವರು ನಾಡಿ, ಗಂಟಲು, ನುಂಗುವ ಬಗೆ ನೋಡಿ, ಕಬ್ಬಿಣ, ಬಿ12ಗೆ ರಕ್ತಪರೀಕ್ಷೆ ಮಾಡಿಸಬಹುದು. ನೀರು ಕುಡಿದರೂ ಕೆಮ್ಮಿದರೆ, ನುಂಗುವಾಗ ನೋವಿದ್ದರೆ ಕಾರಣ ಅನ್ನನಾಳದಲ್ಲಿರಬಹುದು. ಅದನ್ನು ತಳ್ಳಿಹಾಕದೆ ಆರ್ಫಿಡ್ ಎನ್ನುವಂತಿಲ್ಲ. ಆಮೇಲೆ ಮಕ್ಕಳ ಮನೋತಜ್ಞರು ಭಯದ ಬಗ್ಗೆಯೂ, ದಪ್ಪಗಾಗುವ ಅಂಜಿಕೆ ಇದೆಯೇ ಎಂದೂ ಕೇಳುತ್ತಾರೆ. ಆ ಅಂಜಿಕೆಯಿದ್ದರೆ ಕಾಯಿಲೆಯೇ ಬೇರೆ.

ಅಲ್ಲಿಯವರೆಗೆ ಬಾಯಿಗೆ ತುರುಕಬೇಡಿ, ಭಯ ಇಮ್ಮಡಿಯಾಗುತ್ತದೆ. ದ್ರವವನ್ನೂ ನಿಲ್ಲಿಸಿದರೆ, ತಲೆಸುತ್ತಿದರೆ, ಮೂತ್ರ ಕಡಿಮೆಯಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.