ಸಿಂದಗಿಯ ಸುತ್ತ ಮೂಡಿದ ಉಂಗುರಗಳು: ಅಸ್ಪಷ್ಟ ಚಿತ್ರದ ಬಗ್ಗೆ ಪರಿಶೀಲಕರಿಗೆ ಉತ್ತರ

ಭೀಮಾ ಮತ್ತು ಕೃಷ್ಣಾ ನದಿಗಳ ನಡುವೆ ಹರಡಿರುವ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ ತಾಲ್ಲೂಕುಗಳ ಅಂತರ್ಜಲವನ್ನು ಕುರಿತ ಪ್ರಬಂಧಗಳಲ್ಲಿ ಬಾವಿಗಳ ನೀರಿನ ಆಳವನ್ನು ಬಣ್ಣಗಳಲ್ಲಿ ತೋರಿಸುವ ನಕ್ಷೆಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪ್ರಬಂಧ ಪ್ರಕಟವಾಗುವ ಮೊದಲು ಅದನ್ನು ಓದಿ ಸಂಪಾದಕರಿಗೆ ಅಭಿಪ್ರಾಯ ತಿಳಿಸುವ ಅದೇ ಕ್ಷೇತ್ರದ ತಜ್ಞರನ್ನು ಪರಿಶೀಲಕರು ಎನ್ನುತ್ತಾರೆ. ಅವರು ಇಂಥ ನಕ್ಷೆಯನ್ನು ಅಸ್ಪಷ್ಟವೆಂದು ಕರೆದಾಗ ಸಂಶೋಧಕ ಬರೆಯುವ ಇಮೇಲ್ ಬರೀ ಸೌಜನ್ಯದ ಪತ್ರವಾಗಿ ಉಳಿಯುವುದಿಲ್ಲ. ಅದು ನಕ್ಷೆಯ ಹಿಂದಿನ ಲೆಕ್ಕವನ್ನು ಬಿಚ್ಚಿಡಬೇಕಾದ ದಾಖಲೆಯಾಗುತ್ತದೆ.

ಈ ಭಾಗದ ಅಳತೆಗಳೊಡನೆ ಕೆಲಸ ಮಾಡಿದ ಸಂಶೋಧಕನ ಅನುಭವದಲ್ಲಿ, “ಚಿತ್ರ ಅಸ್ಪಷ್ಟ” ಎಂಬ ಒಂದೇ ಸಾಲಿನ ಹಿಂದೆ ಬೇರೆಬೇರೆ ದೂರುಗಳು ಅಡಗಿರುತ್ತವೆ. ಅಕ್ಷರ ಕಾಣಿಸದಿರುವುದು, ಚಿತ್ರ ಏನು ಹೇಳುತ್ತಿದೆ ಎಂದು ತಿಳಿಯದಿರುವುದು, ಹೇಳುತ್ತಿರುವುದನ್ನು ನಂಬಲಾಗದಿರುವುದು ಇವು ಮೂರೂ ಒಂದೇ ಅಲ್ಲವಾದ್ದರಿಂದ, ಪರಿಶೀಲಕರ ಮಾತನ್ನು ಪೂರ್ತಿಯಾಗಿ ಎತ್ತಿ ಬರೆದು, ಅದರಲ್ಲಿ ಯಾವ ದೂರು ಇದೆಯೆಂದು ಬಿಡಿಸಿ, ಪ್ರತಿಯೊಂದರ ಕೆಳಗೂ ಉತ್ತರ ಬರೆಯುವುದೇ ಪತ್ರದ ಮೊದಲ ಕೆಲಸವಾಗಿದೆ. “ಚಿತ್ರವನ್ನು ಉತ್ತಮಪಡಿಸಲಾಗುವುದು” ಎಂಬ ವಾಕ್ಯ ಇಂಥ ಪತ್ರಗಳಲ್ಲಿ ಹೇರಳವಾಗಿ ಕಾಣಸಿಗುತ್ತದೆ. ಅದರಿಂದ ಸಂಪಾದಕರಿಗೆ ಏನೂ ತಿಳಿಯುವುದಿಲ್ಲ.

ಅಕ್ಷರದ ದೂರು ಬೇಗ ತೀರುವಂಥದು. ಕಂಪ್ಯೂಟರಿನಲ್ಲಿ 24 ಸೆಂಟಿಮೀಟರ್ ಅಗಲಕ್ಕೆ ರಚಿಸಿದ ನಕ್ಷೆಯು ಪತ್ರಿಕೆಯ 8 ಸೆಂಟಿಮೀಟರಿನ ಅಂಕಣಕ್ಕೆ ಕುಗ್ಗಿದಾಗ 12 ಪಾಯಿಂಟಿನ ಅಕ್ಷರ 4 ಪಾಯಿಂಟಿಗೆ ಇಳಿಯುತ್ತದೆ, ಅಷ್ಟು ಸಣ್ಣ ಅಕ್ಷರವನ್ನು ಯಾರೂ ಸಲೀಸಾಗಿ ಓದಲಾರರು. ನಕ್ಷೆಯನ್ನು ಅಚ್ಚಾಗುವ ಅಳತೆಯಲ್ಲೇ ಮತ್ತೆ ರಚಿಸಲಾಗುವುದೆಂದೂ, ಕೆಂಪು ಹಸಿರಿನ ಭೇದ ಕಾಣದ ಓದುಗರಿಗಾಗಿ ಆ ಎರಡು ಬಣ್ಣಗಳನ್ನು ಬಿಟ್ಟು ಒಂದೇ ಬಣ್ಣದ ತಿಳಿ ಮತ್ತು ಗಾಢ ಛಾಯೆಗಳನ್ನು ಬಳಸಲಾಗುವುದೆಂದೂ ಎರಡು ವಾಕ್ಯಗಳಲ್ಲಿ ಬರೆದರೆ ಸಾಕು.

ಅರ್ಥದ ದೂರು ಇದಕ್ಕಿಂತ ಆಳವಾದುದು. ಕೇಂದ್ರ ಅಂತರ್ಜಲ ಮಂಡಳಿಯು ವೀಕ್ಷಣಾ ಬಾವಿಗಳ ನೀರನ್ನು ವರ್ಷದಲ್ಲಿ ನಾಲ್ಕು ಸಲ ಅಳೆಯುತ್ತದೆ. ಅವುಗಳಲ್ಲಿ ಮೇ ತಿಂಗಳ ಅಳತೆ ಮಳೆಗೆ ಮುಂಚಿನ ಸ್ಥಿತಿಯನ್ನೂ ನವೆಂಬರಿನ ಅಳತೆ ಮಳೆಯ ನಂತರದ ಸ್ಥಿತಿಯನ್ನೂ ತಿಳಿಸುತ್ತದೆ. ಅಳೆಯುವುದು ನೆಲದ ಮಟ್ಟದಿಂದ ನೀರಿನವರೆಗಿನ ಆಳವನ್ನಾದ್ದರಿಂದ ಸಂಖ್ಯೆ ಹೆಚ್ಚಿದಷ್ಟೂ ನೀರು ಕೆಳಗಿದೆ ಎಂದರ್ಥ. ಒಂದು ಬಾವಿಯಲ್ಲಿ ಮೇ ತಿಂಗಳಲ್ಲಿ 12 ಮೀಟರ್, ನವೆಂಬರಿನಲ್ಲಿ 7 ಮೀಟರ್ ಇದ್ದರೆ ನೀರು 5 ಮೀಟರ್ ಏರಿದೆ. ಆದರೆ ನವೆಂಬರಿನ ಸಂಖ್ಯೆಯಿಂದ ಮೇ ತಿಂಗಳ ಸಂಖ್ಯೆಯನ್ನು ಕಳೆದವರಿಗೆ −5 ಎಂದು ಬರುತ್ತದೆ, ಆ ಋಣಚಿಹ್ನೆಯನ್ನು ಕಂಡ ಓದುಗ ಇಂಡಿಯ ಬಾವಿಗಳು ಮಳೆಗಾಲದಲ್ಲಿ ಬತ್ತಿದವೆಂದು ತಿಳಿಯುತ್ತಾನೆ. ಪರಿಶೀಲಕರು ಹೀಗೆ ತಿಳಿದಿದ್ದರೆ ಅವರ ಓದನ್ನು ತಿದ್ದುವ ಪಾಠ ಪತ್ರದಲ್ಲಿ ಬೇಕಿಲ್ಲ. ಯಾವುದರಿಂದ ಯಾವುದನ್ನು ಕಳೆಯಲಾಗಿದೆ ಎಂಬುದನ್ನು ಚಿತ್ರದ ಅಡಿಬರಹದಲ್ಲೇ ಬರೆದು, ಬಣ್ಣದ ಪಟ್ಟಿಯ ಎರಡು ತುದಿಗಳಲ್ಲಿ “ನೀರು ಏರಿದೆ”, “ನೀರು ಇಳಿದಿದೆ” ಎಂದು ನಮೂದಿಸುವುದಾಗಿ ಮಾತು ಕೊಟ್ಟರೆ ಮುಂದಿನ ಓದುಗನಿಗೂ ಆ ತೊಡಕು ಉಳಿಯುವುದಿಲ್ಲ.

ಉತ್ತರದ ಬಹುಪಾಲು ಜಾಗವನ್ನು ಕೊಡಬೇಕಾದದ್ದು ಮೂರನೆಯ ದೂರಿಗೆ, ಅಂದರೆ ನಕ್ಷೆಯಲ್ಲಿ ಸಿಂದಗಿಯ ಸುತ್ತ ಕಾಣುವ ಉಂಗುರಗಳು ನಿಜವಾಗಿಯೂ ನೆಲದಲ್ಲಿವೆಯೇ ಎಂಬ ಪ್ರಶ್ನೆಗೆ. ಅಳತೆ ಇರುವುದು ಬಾವಿಗಳಲ್ಲಿ ಮಾತ್ರ. ಎರಡು ಬಾವಿಗಳ ನಡುವಿನ ಬಣ್ಣವನ್ನು ಕಂಪ್ಯೂಟರ್ ಅಂದಾಜು ಮಾಡಿ ತುಂಬುತ್ತದೆ, ಈ ಕ್ರಮಕ್ಕೆ ಅಂತರ್ವೇಶನ ಎಂದು ಹೆಸರು. ಬಹಳ ಬಳಕೆಯಲ್ಲಿರುವ ವಿಧಾನದಲ್ಲಿ ಹತ್ತಿರದ ಬಾವಿಗೆ ಹೆಚ್ಚು ತೂಕ, ದೂರದ ಬಾವಿಗೆ ಕಡಿಮೆ ತೂಕ ಸಿಗುತ್ತದೆ, ತೂಕವು ದೂರದ ವರ್ಗಕ್ಕೆ ವಿಲೋಮವಾಗಿರುತ್ತದೆ. ಒಂದು ಜಾಗದಿಂದ 4 ಕಿಲೋಮೀಟರ್ ದೂರದ ಬಾವಿಯಲ್ಲಿ ನೀರು 6 ಮೀಟರ್ ಆಳದಲ್ಲೂ, 8 ಕಿಲೋಮೀಟರ್ ದೂರದ ಬಾವಿಯಲ್ಲಿ 18 ಮೀಟರ್ ಆಳದಲ್ಲೂ ಇದೆಯೆಂದು ಇಟ್ಟುಕೊಂಡರೆ, ತೂಕಗಳ ಪ್ರಮಾಣ 4ಕ್ಕೆ 1 ಆಗಿ ಆ ಜಾಗಕ್ಕೆ 8.4 ಮೀಟರ್ ಎಂಬ ಉತ್ತರ ದೊರೆಯುತ್ತದೆ. ಬಾವಿಯನ್ನು ಸಮೀಪಿಸಿದಷ್ಟೂ ಅಂದಾಜು ಅದೇ ಬಾವಿಯ ಸಂಖ್ಯೆಯತ್ತ ವಾಲುವುದರಿಂದ, ಸುತ್ತಲಿನವುಗಳಿಗಿಂತ ತೀರ ಭಿನ್ನವಾದ ಒಂಟಿ ಬಾವಿಯ ಸುತ್ತ ಒಂದರೊಳಗೊಂದು ವರ್ತುಲಗಳು ಮೂಡುತ್ತವೆ. ಆ ಒಂದು ಬಾವಿಯನ್ನು ಬಿಟ್ಟು ನಕ್ಷೆಯನ್ನು ಮತ್ತೆ ರಚಿಸಿದಾಗ ಉಂಗುರ ಮಾಯವಾದರೆ, ಅದು ಒಂದೇ ಅಳತೆಯ ಮೇಲೆ ನಿಂತಿತ್ತೆಂದು ಖಚಿತವಾಗುತ್ತದೆ. ಹೀಗೆ ಒಂದೊಂದೇ ಬಾವಿಯನ್ನು ಬಿಟ್ಟು, ಅಲ್ಲಿ ಕಂಪ್ಯೂಟರ್ ಊಹಿಸಿದ ಆಳವನ್ನು ಅಳೆದ ಆಳದೊಂದಿಗೆ ಹೋಲಿಸುವ ಪರೀಕ್ಷೆಯ ಫಲಿತಾಂಶವನ್ನು ಪತ್ರದೊಡನೆ ಲಗತ್ತಿಸುವುದು ಹಲವು ಪುಟಗಳ ಸಮರ್ಥನೆಗಿಂತ ಹೆಚ್ಚು ಬಲವುಳ್ಳದ್ದು.

ಈ ನೆಲದ ಸ್ವಭಾವವೇ ಅಂಥ ಅಂದಾಜನ್ನು ದುರ್ಬಲಗೊಳಿಸುತ್ತದೆ ಎಂಬುದನ್ನೂ ಪತ್ರ ಹೇಳಬೇಕು. ನಾಲ್ಕು ತಾಲ್ಲೂಕುಗಳ ಬಹುಭಾಗದಲ್ಲಿ ಎರಿ ಮಣ್ಣಿನ ಕೆಳಗಿರುವುದು ದಖ್ಖನ್ನಿನ ಬಸಾಲ್ಟ್ ಎಂಬ ಕರಿಕಲ್ಲು. ಅದರಲ್ಲಿ ನೀರು ನಿಲ್ಲುವುದು ಶಿಥಿಲಗೊಂಡ ಪದರಗಳಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರವಾದ್ದರಿಂದ ಅಕ್ಕಪಕ್ಕದ ಹೊಲಗಳ ಬಾವಿಗಳೂ ಒಂದಕ್ಕೊಂದು ಹೊಂದುವುದಿಲ್ಲ. ತೆರೆದ ಬಾವಿ ಮೇಲಿನ ಪದರದ ನೀರನ್ನೂ ಕೊಳವೆಬಾವಿ ಆಳದ ಬಿರುಕುಗಳ ನೀರನ್ನೂ ತೋರಿಸುವುದರಿಂದ ಎರಡನ್ನೂ ಬೆರೆಸಿ ಒಂದೇ ಬಣ್ಣದ ಹಾಸು ಬಳಿಯುವುದು ಎರಡು ಬೇರೆ ಪ್ರಶ್ನೆಗಳಿಗೆ ಒಂದೇ ಉತ್ತರ ಕೊಟ್ಟಂತಾಗುತ್ತದೆ. ಇಂಡಿಯ ನಿಂಬೆ ತೋಟಗಳ ನಡುವೆ ಬೇಸಿಗೆಯಲ್ಲಿ ಅಳೆದ ಬೋರಿನ ಮಟ್ಟಕ್ಕೆ, ಪಕ್ಕದ ಪಂಪು ನಿಂತು ಎಷ್ಟು ಹೊತ್ತಾಗಿತ್ತು ಎಂಬುದೂ ಸೇರಿಕೊಂಡಿರುತ್ತದೆ. ದಕ್ಷಿಣದಲ್ಲಿ ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳ ಹಿನ್ನೀರು, ಅವುಗಳ ಕಾಲುವೆಗಳಿಂದ ಜಿನುಗುವ ನೀರು ಬಾವಿಗಳ ಮಟ್ಟವನ್ನು ಮಳೆಯ ಹಂಗಿಲ್ಲದೆ ಮೇಲಕ್ಕೆತ್ತಬಲ್ಲವು. ಕಾಲುವೆಯ ಗೆರೆಯೇ ಇಲ್ಲದ ನಕ್ಷೆಯಲ್ಲಿ ಅದು ಮಳೆಯ ಫಲವೆಂದೇ ಓದಲ್ಪಡುತ್ತದೆ.

ಹೀಗಾಗಿ ಪತ್ರದಲ್ಲಿ ಬರುವ ಮುಖ್ಯ ತಿದ್ದುಪಡಿ ಬಣ್ಣದ ಹಾಸನ್ನು ತೆಗೆದುಹಾಕುವುದೇ ಆಗಿರುತ್ತದೆ. ಪ್ರತಿ ಬಾವಿಯನ್ನೂ ಅದರ ಜಾಗದಲ್ಲಿ ಚುಕ್ಕೆಯಾಗಿ, ತೆರೆದ ಬಾವಿಗೆ ವೃತ್ತ ಮತ್ತು ಕೊಳವೆಬಾವಿಗೆ ತ್ರಿಕೋನ ಬಳಸಿ ತೋರಿಸಲಾಗುವುದು, ನದಿ, ಹಿನ್ನೀರು ಮತ್ತು ಕಾಲುವೆಗಳ ಗೆರೆಗಳನ್ನು ಸೇರಿಸಲಾಗುವುದು, ಅಂತರ್ವೇಶನದ ನಕ್ಷೆಯನ್ನು ಪರೀಕ್ಷೆಯ ಫಲಿತಾಂಶದೊಡನೆ ಅನುಬಂಧಕ್ಕೆ ವರ್ಗಾಯಿಸಲಾಗುವುದು ಎಂದು, ಪುಟ ಮತ್ತು ಸಾಲಿನ ಸಂಖ್ಯೆಯೊಂದಿಗೆ ಬರೆಯಬೇಕು. ತಾಲ್ಲೂಕಿನ ಗಡಿಯ ಬಗ್ಗೆಯೂ ಒಂದು ವಾಕ್ಯ ಅಗತ್ಯ: 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಿಂದಾಗಿ ಚಡಚಣವು ಇಂಡಿಯಿಂದ, ದೇವರ ಹಿಪ್ಪರಗಿಯು ಸಿಂದಗಿಯಿಂದ, ತಾಳಿಕೋಟೆಯು ಮುದ್ದೇಬಿಹಾಳದಿಂದ, ನಿಡಗುಂದಿಯು ಬಸವನ ಬಾಗೇವಾಡಿಯಿಂದ ಬೇರೆಯಾಗಿರುವುದರಿಂದ, ಹಳೆಯ ಗಡಿಯ ಸರಾಸರಿಯನ್ನು ಹೊಸ ಗಡಿಯ ನಕ್ಷೆಯ ಮೇಲೆ ಇಟ್ಟರೆ ಆಲಮಟ್ಟಿಯ ಸುತ್ತಲಿನ ಬಾವಿಗಳು ತಪ್ಪು ತಾಲ್ಲೂಕಿಗೆ ಸೇರುತ್ತವೆ. ಅಧ್ಯಯನಕ್ಕೆ ಬಳಸಿದ್ದು ಹಳೆಯ ಗಡಿಯಾದರೆ ಹಾಗೆಂದು ಅಡಿಬರಹದಲ್ಲಿ ಬರೆಯಲಾಗುವುದೆಂದು ತಿಳಿಸಬೇಕು.

ಪತ್ರದ ಕ್ರಿಯಾಪದಗಳ ವಿಷಯದಲ್ಲಿ ಬಿಗಿ ಅಗತ್ಯ. ಸಂಪಾದಕರು ಮೊದಲು ತಿದ್ದುಪಡಿಯ ಯೋಜನೆಯನ್ನಷ್ಟೇ ಕೇಳಿದ್ದಾಗ “ಮಾಡಲಾಗುವುದು” ಎಂದು ಬರೆಯಬೇಕೇ ಹೊರತು “ಮಾಡಲಾಗಿದೆ” ಎಂದಲ್ಲ. ತಿದ್ದಿದ ಪ್ರಬಂಧ ಬಂದಾಗ ಪರಿಶೀಲಕರು ಅದನ್ನೂ ಪತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ. ಬಾವಿಗಳಿಲ್ಲದ ಡೋಣಿ ನದಿಯ ಬಯಲನ್ನೂ ಬಣ್ಣದಿಂದ ತುಂಬಿರೆಂದು ಅವರು ಕೇಳಿದ್ದರೆ, ಅಲ್ಲಿ ಅಳತೆಯಿಲ್ಲದ ಕಾರಣ ಅದನ್ನು ಮಾಡಲಾಗುವುದಿಲ್ಲವೆಂದು ಕಾರಣಸಹಿತ ಬರೆಯುವ ಹಕ್ಕು ಸಂಶೋಧಕನಿಗಿದೆ, ಮತ್ತು ಆ ಭಾಗವನ್ನು ನಕ್ಷೆಯಲ್ಲಿ ಖಾಲಿಯಾಗಿಯೇ ಬಿಡುವುದು ಸರಿಯಾದ ಕ್ರಮ.