ಸೋದರಮಾವ ಒಳಗಿನವನೋ, ಹೊರಗಿನವನೋ?

ಪ್ರಶ್ನೆ: ನಾನು ಪಣಂಬೂರಿನ ಬಂದರಿನಲ್ಲಿ ಹಡಗು ಏಜೆನ್ಸಿಯೊಂದರ ಕೆಲಸದಲ್ಲಿದ್ದೇನೆ. ಅದಿರಿನ ಉಂಡೆ ತುಂಬಿಸಿಕೊಳ್ಳಲು ಬಂದ ಹಡಗಿನ ಚೀನೀ ಅಧಿಕಾರಿಯೊಬ್ಬರು ಪರಿಚಯವಾದರು. ವಿಡಿಯೋ ಕರೆಯಲ್ಲಿ ಅವರ ಪುಟ್ಟ ಮಗಳು ನನ್ನನ್ನು 'ಶೂಶು' ಎಂದು ಕರೆದಳು. ಅಂದರೆ ಅಪ್ಪನ ತಮ್ಮನಂತೆ. ನಮ್ಮ ಮಕ್ಕಳಾದರೆ 'ಮಾಮ' ಎನ್ನುತ್ತಿದ್ದರು. ತಂದೆಯ ಕಡೆಗೂ ತಾಯಿಯ ಕಡೆಗೂ ಅವರಲ್ಲಿ ಬೇರೆ ಬೇರೆ ಶಬ್ದಗಳಿವೆಯಂತೆ. ನಾವು ಅಳಿಯಕಟ್ಟಿನವರು, ನಮ್ಮಲ್ಲಿ ತಮ್ಮಲೆಯ ಮಾತೇ ಕೊನೆಯದು. ಚೀನಾದಲ್ಲಿ ತಾಯಿಯ ಅಣ್ಣತಮ್ಮಂದಿರಿಗೆ ಬೆಲೆಯಿಲ್ಲವೇ?

— ಓದುಗರು, ಪಣಂಬೂರು

ಉತ್ತರ: ಬೆಲೆ ಇದೆ, ಆದರೆ ನಿಮ್ಮ ತಮ್ಮಲೆಗಿರುವ ಬಗೆಯದಲ್ಲ. ಮೊದಲು ಆ ಮಗುವಿನ ಮಾತು ನೋಡೋಣ. ಅಪ್ಪನ ಗೆಳೆಯ ಅಪ್ಪನಿಗಿಂತ ಕಿರಿಯನಾದರೆ ಶೂಶು, ಹಿರಿಯನಾದರೆ ಬೋಬೋ. ನಮ್ಮ ಚಿಕ್ಕಪ್ಪ, ದೊಡ್ಡಪ್ಪ ಇದ್ದಂತೆಯೇ. ತಾಯಿಯ ಅಣ್ಣನಾಗಲಿ ತಮ್ಮನಾಗಲಿ ಜ್ಯೋಜ್ಯೋ. ಹೊರಗಿನ ಗಂಡಸನ್ನು ಮನೆಯವನನ್ನಾಗಿ ಮಾಡಿಕೊಳ್ಳುವಾಗ ಚೀನೀ ಮಗು ಅವನನ್ನು ಅಪ್ಪನ ಸಾಲಿನಲ್ಲಿ ಕೂರಿಸುತ್ತದೆ, ನಮ್ಮ ಮಗು ಅಮ್ಮನ ಸಾಲಿನಲ್ಲಿ. ಗುರುತಿಲ್ಲದ ಹೆಂಗಸನ್ನು ಮಾತ್ರ ಅಲ್ಲಿನ ಮಕ್ಕಳು 'ಆಯೀ' ಎನ್ನುತ್ತಾರೆ, ಅದು ತಾಯಿಯ ಅಕ್ಕತಂಗಿಯರಿಗೆ ಸಲ್ಲುವ ಶಬ್ದ.

ಇನ್ನು ಬೆಲೆಯ ಮಾತು. ದಕ್ಷಿಣ ಚೀನಾದಲ್ಲಿ ತಾಯಿಯ ತಂದೆ ವಾಯ್‌ಗೊಂಗ್, ತಾಯಿಯ ತಾಯಿ ವಾಯ್‌ಪೊ. ಅಕ್ಕತಂಗಿಯರ ಮಗ ವಾಯ್‌ಶಂಗ್, ಮಗಳ ಮಗ ವಾಯ್‌ಸುನ್. ಎಲ್ಲದರ ಮೊದಲಿಗಿರುವ 'ವಾಯ್' ಎಂದರೆ ಹೊರಗಿನ. ಮನೆತನ ತಂದೆಯ ಹೆಸರಿನಲ್ಲಿ ನಡೆಯುವುದರಿಂದ ತಾಯಿಯ ಕಡೆಯವರೆಲ್ಲ ಹೊರಗಿನವರಾದರು. ಇದು ಕರೆಯುವ ಮಾತಿಗಷ್ಟೇ ಸೀಮಿತವಾಗಿರಲಿಲ್ಲ. ಯಾರು ಸತ್ತರೆ ಯಾವ ಬಟ್ಟೆಯನ್ನು ಎಷ್ಟು ಕಾಲ ತೊಡಬೇಕು ಎಂಬುದಕ್ಕೆ ಐದು ದರ್ಜೆಗಳ ಸೂತಕದ ನಿಯಮವಿತ್ತು. ತಂದೆಯ ಅಣ್ಣತಮ್ಮಂದಿರು ಸತ್ತರೆ ಒಂದು ವರ್ಷ. ಸೋದರಮಾವ ಸತ್ತರೆ ಬರೀ 3 ತಿಂಗಳು. ತಾಯಿಯ ಅಕ್ಕತಂಗಿಯರಿಗೆ 5 ತಿಂಗಳಿದ್ದು ಅಣ್ಣತಮ್ಮಂದಿರಿಗೆ 3 ಏಕೆ ಎಂದು ಟಾಂಗ್ ದೊರೆ ಟಾಯ್‌ಝೊಂಗ್ 640ರಲ್ಲಿ ಕೇಳಿದ. ಆಗ ಸೋದರಮಾವನಿಗೂ 5 ತಿಂಗಳಾಯಿತು. ಒಂದು ವರ್ಷವಂತೂ ಎಂದೂ ಆಗಲಿಲ್ಲ.

ಹಾಗೆಂದು ಜ್ಯೋಜ್ಯೋ ಮೂಲೆಗುಂಪಾದವನೆಂದು ತಿಳಿಯಬೇಡಿ. ಗಂಡುಮಕ್ಕಳು ಆಸ್ತಿ ಪಾಲು ಮಾಡಿಕೊಂಡು ಒಲೆ ಬೇರೆ ಮಾಡುವ ದಿನ ಪಂಚಾತಿಕೆಗೆ ಕರೆಸುತ್ತಿದ್ದುದು ಅವನನ್ನೇ. ಆ ಆಸ್ತಿಯಲ್ಲಿ ಅವನಿಗೆ ಒಂದು ಕಾಸಿನ ಹಕ್ಕೂ ಇಲ್ಲ, ಎದುರಿಗೆ ಕೂತವರೆಲ್ಲ ಅವನ ಅಕ್ಕನ ಮಕ್ಕಳೇ. ಚಿಕ್ಕಪ್ಪನ ನ್ಯಾಯವನ್ನು ಒಪ್ಪದವರೂ ಮಾವನ ನ್ಯಾಯವನ್ನು ಒಪ್ಪುತ್ತಿದ್ದರು. ಫೂಜಿಯನ್, ತೈವಾನ್ ಕಡೆ ತಾಯಿ ತೀರಿಕೊಂಡರೆ, ಅವಳ ತವರಿನವರು ಬಂದು ಮುಖ ನೋಡಿ ಒಪ್ಪಿದ ಮೇಲೆಯೇ ಶವಪೆಟ್ಟಿಗೆಗೆ ಮೊಳೆ ಹೊಡೆಯುವ ಪದ್ಧತಿ ಇದೆ. ಅವಳನ್ನು ಸರಿಯಾಗಿ ನೋಡಿಕೊಂಡಿದ್ದೀರಾ ಎಂದು ಕೇಳುವ ಹಕ್ಕು ತವರಿನದು. ಹೊರಗಿನವನಾದ್ದರಿಂದಲೇ ಅವನಿಗೆ ಈ ಅಧಿಕಾರ.

ನಿಮ್ಮ ಮನೆಯಲ್ಲಿ ಇದು ತಿರುವುಮುರುವು. ಬರಿ ಬರುವುದು ತಾಯಿಯಿಂದ. ತಮ್ಮಲೆ ನಿಮ್ಮದೇ ಬರಿಯವರು, ಎಷ್ಟೋ ಮನೆಗಳಲ್ಲಿ ಅವರೇ ಯಜಮಾನರು, ನಿಮ್ಮ ತಂದೆ ಬೇರೆ ಬರಿಯವರು. ಪಾಲಿನ ಜಗಳ ಎದ್ದರೆ ತಮ್ಮಲೆ ಪಂಚಾತಿಕೆದಾರರಾಗುವುದು ಹೇಗೆ? ಅವರೇ ಒಂದು ಕಡೆಯವರು. ಹಳೆಯ ಅಳಿಯಸಂತಾನ ಕಟ್ಟಿನಲ್ಲಿ ಎಲ್ಲರೂ ಒಪ್ಪದೆ ಕುಟುಂಬದ ಆಸ್ತಿ ಒಡೆಯುವಂತೆಯೇ ಇರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆಯೇ ಒಂದೊಂದು ಕವರು ತನ್ನ ಪಾಲನ್ನು ಕೇಳುವ ಹಾದಿ ತೆರೆಯಿತು. ತಾಯಿಯ ಅಣ್ಣನೆಂಬ ಒಬ್ಬನೇ ವ್ಯಕ್ತಿ ಅಲ್ಲಿ ನ್ಯಾಯ ಹೇಳಲು ಹೊರಗಿನಿಂದ ಬರುತ್ತಾನೆ, ಇಲ್ಲಿ ಕೀಲಿಕೈ ಹಿಡಿದು ಒಳಗೇ ಕೂತಿರುತ್ತಾನೆ.

ಪ್ರಶ್ನೆ: 'ಕೆಂಪು ಮಹಲಿನ ಕನಸು' ಎಂಬ ಚೀನೀ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿದೆ. ನಾಯಕ ಬಾವ್‌ಯೂ ಪ್ರೀತಿಸುವುದು ಸೋದರತ್ತೆಯ ಮಗಳನ್ನು, ಸರಿ. ಆದರೆ ಮದುವೆಯಾಗುವುದು ತಾಯಿಯ ಸೋದರಿಯ ಮಗಳನ್ನು! ನಮ್ಮಲ್ಲಿ ಅವಳು ತಂಗಿಯಲ್ಲವೇ?

— ಓದುಗರು, ಕುಳಾಯಿ

ಉತ್ತರ: ನಮ್ಮಲ್ಲಿ ತಂಗಿ, ಅವರಲ್ಲಿ 'ಬಿಯಾವ್'. ತಂದೆಯ ಅಣ್ಣತಮ್ಮಂದಿರ ಮಕ್ಕಳು 'ಥಾಂಗ್'. ಒಂದೇ ಮನೆಹೆಸರು, ಒಂದೇ ಹಜಾರದವರು, ಮದುವೆ ನಿಷಿದ್ಧ. ಸೋದರತ್ತೆಯ ಮಕ್ಕಳು, ಸೋದರಮಾವನ ಮಕ್ಕಳು, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು ಎಲ್ಲರೂ ಬಿಯಾವ್. ಮನೆಹೆಸರು ಬೇರೆಯಾದರೆ ಸಾಕು, ಸಂಬಂಧ ಬೆಳೆಸಬಹುದಿತ್ತು. ಹೆಣ್ಣಿನ ಮೂಲಕ ಬಂದ ನಂಟನ್ನು ಯಾವ ಹೆಣ್ಣು ಎಂದು ಕೇಳದೆ ಒಟ್ಟಿಗೆ ಕಟ್ಟಿಟ್ಟದ್ದು ಈ ವ್ಯವಸ್ಥೆಯ ಗುಟ್ಟು.

ಆದರೆ ಬಲು ಹಿಂದೆ ಅವರ ಶಬ್ದಗಳು ನಮ್ಮವುಗಳ ಹತ್ತಿರದಲ್ಲಿದ್ದವು. ಇದು ನನಗೆ ಬಹಳ ಇಷ್ಟವಾದ ಸಂಗತಿ. ಎರಡು ಸಾವಿರ ವರ್ಷಕ್ಕೂ ಹಳೆಯದಾದ 'ಅರ್‌ಯಾ' ಎಂಬ ನಿಘಂಟಿನಲ್ಲಿ ನಂಟಸ್ತಿಕೆಗೆಂದೇ ಒಂದು ಅಧ್ಯಾಯವಿದೆ. ಅದರಲ್ಲಿ ಜ್ಯೋ ಎಂದರೆ ತಾಯಿಯ ಸೋದರನೂ ಹೌದು, ಗಂಡನ ತಂದೆಯೂ ಹೌದು. ಗೂ ಎಂದರೆ ತಂದೆಯ ಸೋದರಿಯೂ ಹೌದು, ಗಂಡನ ತಾಯಿಯೂ ಹೌದು. ನಮ್ಮ ಮಾವ, ಅತ್ತೆ ಎಂಬ ಶಬ್ದಗಳೇ! ಮೆನ್ಶಿಯಸ್‌ನ ಗ್ರಂಥದಲ್ಲಿ 'ಶಂಗ್' ಎಂಬುದು ಮಗಳ ಗಂಡನಿಗೆ ಬಳಕೆಯಾಗಿದೆ. ಇಂದಿಗೂ ವಾಯ್‌ಶಂಗ್ ಎಂದರೆ ಅಕ್ಕತಂಗಿಯರ ಮಗ. ಅಂದರೆ ನಮ್ಮ 'ಅಳಿಯ'ನ ಎರಡೂ ಅರ್ಥಗಳು ಅದಕ್ಕಿವೆ. ಮಾವನ ಮಗಳನ್ನೋ ಅತ್ತೆಯ ಮಗಳನ್ನೋ ತರುವ ರೂಢಿ ಅಲ್ಲಿಯೂ ಇದ್ದುದರ ಗುರುತು ಇದು ಎಂದು ವಿದ್ವಾಂಸ ಫೆಂಗ್ ಹಾನ್‌ಯಿ 1937ರಲ್ಲಿ ವಾದಿಸಿದರು. ಮುಂದೆ ಅತ್ತೆಮಾವಂದಿರಿಗೆ ಬೇರೆ ಶಬ್ದಗಳು ಬಂದವು, ಜ್ಯೋ ಮತ್ತು ಗೂ ರಕ್ತಸಂಬಂಧಕ್ಕಷ್ಟೇ ಉಳಿದವು.

ಒಂದು ಎಚ್ಚರಿಕೆ. ಶಬ್ದ ನೋಡಿ ಇಡೀ ಕುಟುಂಬವನ್ನು ಓದಿಬಿಟ್ಟೆವೆಂದು ತಿಳಿಯುವುದು ತಪ್ಪು, ಅದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. ಮಕ್ಕಳಕಟ್ಟಿನವರೂ ಅಳಿಯಕಟ್ಟಿನವರೂ ದೊಡ್ಡಪ್ಪನ ಮಕ್ಕಳನ್ನೂ ದೊಡ್ಡಮ್ಮನ ಮಕ್ಕಳನ್ನೂ ಅಣ್ಣ, ತಂಗಿ ಎಂದೇ ಕರೆಯುತ್ತಾರೆ. ಶಬ್ದಗಳ ಕಟ್ಟು ಒಂದೇ, ಆಸ್ತಿಯ ಕಟ್ಟು ತದ್ವಿರುದ್ಧ. ಅಳಿಯಕಟ್ಟಿನ ಲೆಕ್ಕದಲ್ಲಿ ದೊಡ್ಡಪ್ಪನ ಮಗಳು ಬೇರೆ ಬರಿಯವಳಾಗಿರಬಹುದು, ಆದರೂ ಅವಳು ತಂಗಿಯೇ. ಘಟ್ಟದ ಮೇಲಿನ ಹಲವು ಸಮುದಾಯಗಳಲ್ಲಿ ಅಕ್ಕನ ಮಗಳನ್ನು ಮದುವೆಯಾಗುವುದುಂಟು. ಅಳಿಯಕಟ್ಟಿನಲ್ಲಿ ಅದು ಕೂಡದು, ಅಕ್ಕನ ಮಗಳದು ತನ್ನದೇ ಬರಿ. ಯಾರನ್ನು ವರಿಸಬಹುದೆಂದು ನಂಟಿನ ಶಬ್ದ ಬಹುಮಟ್ಟಿಗೆ ಹೇಳುತ್ತದೆ. ಯಾರ ಮಾತು ನಡೆಯುತ್ತದೆ ಎಂದು ತಿಳಿಯಲು ಸೂತಕ, ಪಾಲುಪಟ್ಟಿ, ಮದುವೆಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನೂ ನೋಡಬೇಕು.

ಪ್ರಶ್ನೆ: ಒಂದೇ ಮಗುವಿನ ನಿಯಮದಿಂದ ಚೀನಾದಲ್ಲಿ ಈ ಶಬ್ದಗಳು ಮಾಯವಾದವೇ?

— ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಶಬ್ದಗಳಿವೆ, ನಂಟರು ಕಡಿಮೆಯಾದರು. ಒಬ್ಬನೇ ಮಗ ಒಬ್ಬಳೇ ಮಗಳನ್ನು ಮದುವೆಯಾದರೆ ಅವರ ಮಗುವಿಗೆ ಬೋಬೋ, ಶೂಶು, ಗೂಗು, ಜ್ಯೋಜ್ಯೋ, ಆಯೀ ಯಾರೂ ಇರುವುದಿಲ್ಲ. ಥಾಂಗ್ ಇಲ್ಲ, ಬಿಯಾವ್ ಇಲ್ಲ. ಉಳಿಯುವುದು ಎರಡು ಜೋಡಿ ಅಜ್ಜ ಅಜ್ಜಿಯರು. ಬಿಯಾವ್ ಮದುವೆಯನ್ನಂತೂ 1980ರ ವಿವಾಹ ಕಾನೂನೇ ನಿಷೇಧಿಸಿತು. 2016ರಿಂದ ಎರಡು ಮಕ್ಕಳಿಗೆ, 2021ರಿಂದ ಮೂರಕ್ಕೆ ಅವಕಾಶವಿದ್ದರೂ ಜನನಗಳ ಸಂಖ್ಯೆ ಒಟ್ಟಾರೆ ಇಳಿದಿದೆ. ನಿಮ್ಮ ಮನೆಯಲ್ಲಿ ಬರಿಯ ಹೆಸರು ಬಲ್ಲ ಹಿರಿಯರಿದ್ದರೆ ಅವರಿಂದ ನಾಲ್ಕು ತಲೆಮಾರಿನ ನಂಟನ್ನು ಕೇಳಿ ಬರೆದಿಟ್ಟುಕೊಳ್ಳಿ. ಯಾರನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನೂ ಜೊತೆಗೆ ಬರೆಯಿರಿ.