ಮೂರು ತೊಲೆಯ ಟ್ರಸ್: ಲೆಕ್ಕ ತಪ್ಪದಿರಲು ಆರು ಸೂತ್ರಗಳು

ಎರಡು ಇಳಿಜಾರು ತೊಲೆ, ಅವುಗಳ ಬುಡಗಳನ್ನು ಹಿಡಿದಿಡುವ ಒಂದು ಅಡ್ಡತೊಲೆ. ಹೆಂಚಿನ ಮಾಡಿಗೆ ಇದಕ್ಕಿಂತ ಸರಳ ಟ್ರಸ್ ಇಲ್ಲ. ಅಗಲ 6 ಮೀಟರ್, ಇಳಿಜಾರು 30 ಡಿಗ್ರಿ, ಹೊರುವ ಒಟ್ಟು ಭಾರ 20 ಕಿಲೋನ್ಯೂಟನ್, ಅಂದರೆ ಸುಮಾರು 2 ಟನ್ ತೂಕ ಎಂದಿಟ್ಟುಕೊಳ್ಳಿ.

1. ಭಾರವನ್ನು ಮೊದಲು ಗಂಟುಗಳಿಗೆ ಹಂಚಿ. ಮಾಡಿನ ಉದ್ದಕ್ಕೂ ಸಮನಾಗಿ ಹರಡಿದ ಭಾರದಲ್ಲಿ ಅರ್ಧ ತುದಿಯ ಗಂಟಿಗೆ, ಕಾಲುಭಾಗ ಒಂದೊಂದು ಬುಡಕ್ಕೆ ಹೋಗುತ್ತದೆ: 10, 5, 5. ಪ್ರತಿ ಗೋಡೆ 10 ಕಿಲೋನ್ಯೂಟನ್ ಮೇಲಕ್ಕೆ ತಳ್ಳುತ್ತದೆ ನಿಜ, ಆದರೆ ಅದರಲ್ಲಿ 5 ಬುಡದ ಮೇಲೆಯೇ ಕೂತ ಭಾರಕ್ಕೆ ವಜಾ. ತೊಲೆಗಳ ಪಾಲಿಗೆ ಉಳಿಯುವುದು 5 ಮಾತ್ರ. ಇದನ್ನು ಕಳೆಯಲು ಮರೆತರೆ ಮುಂದಿನ ಉತ್ತರಗಳೆಲ್ಲ ದುಪ್ಪಟ್ಟಾಗುತ್ತವೆ.

2. ಬುಡದ ಗಂಟಿನಿಂದ ಶುರು ಮಾಡಿ, ಮೇಲೆ-ಕೆಳಗಿನ ಬಲಗಳನ್ನೇ ಮೊದಲು ಸರಿದೂಗಿಸಿ. ಅಡ್ಡತೊಲೆ ಮಟ್ಟಸವಾಗಿ ಮಲಗಿರುವುದರಿಂದ ಈ ಲೆಕ್ಕದಲ್ಲಿ ಅದು ತಲೆ ಹಾಕುವುದೇ ಇಲ್ಲ. ಇಳಿಜಾರು ತೊಲೆಯ ಬಲ F, ಅಡ್ಡತೊಲೆಯದು T ಆದರೆ:

F × sin 30° = 5, ಆದ್ದರಿಂದ F = 10
T = F × cos 30° = 8.66

ಇಳಿಜಾರು ತೊಲೆ ಗಂಟನ್ನು ಕೆಳಕ್ಕೂ ಹೊರಕ್ಕೂ ದೂಡುತ್ತಿದೆ, ಹಾಗಾಗಿ ಅದರೊಳಗೆ ಇರುವುದು ಒತ್ತಡ. ಅಡ್ಡತೊಲೆ ಗಂಟನ್ನು ಒಳಕ್ಕೆ ಜಗ್ಗುತ್ತಿದೆ, ಅದರಲ್ಲಿ ಎಳೆತ.

3. ಕೋನವನ್ನು ಮಟ್ಟದ ಗೆರೆಯಿಂದ ಅಳೆದಿದ್ದರೆ ಮಾತ್ರ ಸೈನ್ ಲಂಬಕ್ಕೆ, ಕೊಸೈನ್ ಅಡ್ಡಕ್ಕೆ. ಅದಲುಬದಲಾಗಿದೆಯೇ ಎಂದು ತಿಳಿಯಲು ತುದಿಯ ಗಂಟಿಗೆ ಹೋಗಿ. ಎರಡು ತೊಲೆಗಳ ಲಂಬ ಭಾಗ ಸೇರಿ ಅಲ್ಲಿನ 10 ಅನ್ನು ಹೊರಬೇಕು: 2 × 10 × 0.5 = 10, ಸರಿಯಾಯಿತು. ಕೊಸೈನ್‌ನಿಂದ ಭಾಗಿಸಿದವರಿಗೆ F = 5.77 ಬಂದಿರುತ್ತದೆ, ಅವರ ತುದಿಯಲ್ಲಿ 4 ಕಿಲೋನ್ಯೂಟನ್‌ಗಿಂತ ಹೆಚ್ಚು ಭಾರ ಹೊರುವವರಿಲ್ಲದೆ ನಿಂತಿರುತ್ತದೆ.

4. ಕ್ಯಾಲ್ಕುಲೇಟರ್‌ನಲ್ಲಿ sin 30 ಒತ್ತಿ ನೋಡಿ. 0.5 ಬರದೆ −0.988 ಬಂದರೆ ಅದು ರೇಡಿಯನ್‌ನಲ್ಲಿದೆ.

5. ಸೈಟಿನಲ್ಲಿ ಕೋನಮಾಪಕ ಇಲ್ಲವೇ? ಟೇಪ್ ಸಾಕು. ತುದಿಯ ಎತ್ತರವನ್ನು ಇಳಿಜಾರು ತೊಲೆಯ ಉದ್ದದಿಂದ ಭಾಗಿಸಿದರೆ ಅದೇ ಸೈನ್. ಇಲ್ಲಿ 1.73 ಮೀಟರನ್ನು 3.46ರಿಂದ ಭಾಗಿಸಿದರೆ 0.5.

6. ಇಳಿಜಾರು ತಗ್ಗಿಸುವ ಮುನ್ನ ಲೆಕ್ಕ ಮತ್ತೆ ಮಾಡಿ. ಎತ್ತರ ಉಳಿಸಲೆಂದು 15 ಡಿಗ್ರಿಗೆ ಇಳಿಸಿದರೆ ಅದೇ ಭಾರಕ್ಕೆ ಇಳಿಜಾರು ತೊಲೆಯಲ್ಲಿ 19.3, ಅಡ್ಡತೊಲೆಯಲ್ಲಿ 18.7 ಕಿಲೋನ್ಯೂಟನ್. ಸೈನ್ ಚಿಕ್ಕದಾದಷ್ಟೂ ಬಲ ಏರುತ್ತದೆ. ಅಟ್ಟದಲ್ಲಿ ತಲೆಗೆ ತಾಗುತ್ತದೆಂದು ಅಡ್ಡತೊಲೆಯನ್ನೇ ಕತ್ತರಿಸುವವರೂ ಇದ್ದಾರೆ! ಆಗ ಆ ಎಳೆತದಷ್ಟೇ ಬಲ ಎರಡೂ ಗೋಡೆಗಳ ನೆತ್ತಿಯನ್ನು ಹೊರಕ್ಕೆ ದೂಡುತ್ತದೆ. ಗೋಡೆಯ ಮೇಲಂಚಿನಲ್ಲಿ ಅಡ್ಡ ಬಿರುಕು, ನಡುವೆ ಬಾಗಿದ ಮಾಡಿನ ನೆತ್ತಿ ಕಂಡರೆ ಮೊದಲು ಅಡ್ಡತೊಲೆ ಇದೆಯೇ, ಅದರ ಬೋಲ್ಟು ಬಿಗಿಯಾಗಿದೆಯೇ ನೋಡಿ.